ಸಾವಿರ ಜನ ಕಂಡರೂ ಪವಾಡ ನಂಬಬಾರದೇ?

“ಮೇಡಮ್, ಸಾವಿರ ಜನ ಕಣ್ಣಾರೆ ಕಂಡಿದ್ದೇವೆ ಅಂದರೂ ಪವಾಡ ನಂಬುವುದು ಅವಿವೇಕವಾ? ಹ್ಯೂಮ್ ಹಾಗಂತಾನೆ ಅಂತ ಬರೆದರೆ ಪ್ರಬಂಧಕ್ಕೆ ಸಾಕಾ?”

ಸಾಲದು. ಅದಕ್ಕಿಂತ ಮೊದಲು, ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಹಾಗಂದೇ ಇಲ್ಲ. ಡೊಂಬಿವಲಿಯ ನಮ್ಮ ಮನೆಗೆ ಬಿ.ಎ. ಮಕ್ಕಳು ತರುವ ಪ್ರಬಂಧಗಳಲ್ಲಿ ಹತ್ತಕ್ಕೆ ಎಂಟರಲ್ಲಿ ಒಂದೇ ವಾಕ್ಯ: “ಪವಾಡ ನಿಸರ್ಗ ನಿಯಮಕ್ಕೆ ವಿರುದ್ಧ, ಆದ್ದರಿಂದ ಅಸಾಧ್ಯ, ಆದ್ದರಿಂದ ಸಾಕ್ಷಿ ಹೇಳಿದವರು ಸುಳ್ಳುಗಾರರು.” ಇದರಲ್ಲಿ ತೂಗಿ ನೋಡಿದ್ದೇ ಇಲ್ಲ. ತಕ್ಕಡಿಯ ಒಂದು ತಟ್ಟೆಯನ್ನು ಮೊದಲೇ ನೆಲಕ್ಕೆ ಕಟ್ಟಿಹಾಕಿ ಆಮೇಲೆ ತೂಕ ಹಾಕಿದ ಹಾಗೆ. 1748ರಲ್ಲಿ ಪವಾಡಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಹ್ಯೂಮ್ ಹೇಳಿದ್ದು ಬೇರೆ: ಈ ಸಾಕ್ಷ್ಯ ಸುಳ್ಳಾಗುವುದು ಅದು ಹೇಳುವ ಘಟನೆಗಿಂತಲೂ ಹೆಚ್ಚು ನಂಬಲಾಗದ ಸಂಗತಿಯಾಗಿದ್ದರೆ ಮಾತ್ರ ಅದನ್ನು ಒಪ್ಪು. ಎರಡು ಅಸಂಭವಗಳಲ್ಲಿ ಯಾವುದು ಕಡಿಮೆ ಅಸಂಭವವೋ ಅದರ ಕಡೆ ವಾಲು, ಅಷ್ಟೇ.

ಹಾಗಾದರೆ ಅಪರೂಪದ ಸುದ್ದಿಯನ್ನೆಲ್ಲ ತಳ್ಳಿಹಾಕಬೇಕಾ? ಈ ಜಾಗದಲ್ಲಿ ವೇಲ್ಸ್‌ನ ಪಾದ್ರಿ, ತತ್ವಜ್ಞಾನಿ ರಿಚರ್ಡ್ ಪ್ರೈಸ್ ಬರುತ್ತಾನೆ. ಗಣಿತಜ್ಞ ಥಾಮಸ್ ಬೇಯ್ಸ್ ಸತ್ತ ಮೇಲೆ ಅವನ ಸಂಭವನೀಯತೆಯ ಲೇಖನವನ್ನು 1763ರಲ್ಲಿ ಬೆಳಕಿಗೆ ತಂದವನು ಇವನೇ. 1767ರಲ್ಲಿ ಹ್ಯೂಮ್‌ಗೆ ಉತ್ತರ ಬರೆಯುವಾಗ ಲಾಟರಿಯ ಉದಾಹರಣೆ ಎತ್ತಿದ. ಅದೇ ಎಳೆಯನ್ನು ನಾನು ಹಲಗೆಯ ಮೇಲೆ ನಮ್ಮ ಲೆಕ್ಕದಲ್ಲಿ ಬಿಡಿಸುತ್ತೇನೆ.

ಹತ್ತು ಲಕ್ಷ ಟಿಕೆಟಿನ ಲಾಟರಿ. ಪತ್ರಿಕೆಯಲ್ಲಿ 482117ಕ್ಕೆ ಬಹುಮಾನ ಅಂತ ಬಂದಿದೆ. ಆ ಪತ್ರಿಕೆ ನೂರಕ್ಕೊಮ್ಮೆ ನಂಬರು ತಪ್ಪಾಗಿ ಅಚ್ಚು ಹಾಕುತ್ತದೆ ಅನ್ನಿ. ಆ ನಂಬರಿಗೇ ಬಹುಮಾನ ಬರುವ ಸಂಭವ ಹತ್ತು ಲಕ್ಷಕ್ಕೆ ಒಂದು. ಪತ್ರಿಕೆ ತಪ್ಪುವ ಸಂಭವ ನೂರಕ್ಕೆ ಒಂದು. ಇವೆರಡನ್ನೇ ಎದುರುಬದುರು ಇಟ್ಟರೆ ಪತ್ರಿಕೆ ಸುಳ್ಳು ಅನ್ನಬೇಕಾಗುತ್ತದೆ. ಆದರೂ ಬೆಳಿಗ್ಗೆ ಚಹಾ ಕುಡಿಯುತ್ತ ಎಲ್ಲರೂ ನಂಬುತ್ತೇವೆ, ಅದು ಸರಿಯೂ ಹೌದು. ಏಕೆಂದರೆ ಪತ್ರಿಕೆ ತಪ್ಪಿದರೂ ಆ ತಪ್ಪು ಉಳಿದೆಲ್ಲ ನಂಬರುಗಳ ಮೇಲೆ ಹರಡಿಹೋಗುತ್ತದೆ. ತಪ್ಪಿ, ಅದೂ ಸರಿಯಾಗಿ 482117 ಅಂತಲೇ ಬೀಳಬೇಕಾದರೆ ಆ ನೂರಕ್ಕೊಂದನ್ನು ಮತ್ತೆ ಹತ್ತು ಲಕ್ಷದಿಂದ ಭಾಗಿಸಬೇಕು. ಲೆಕ್ಕ ಮುಗಿಸಿದರೆ ಸುದ್ದಿ ನಿಜ ಅನ್ನುವುದಕ್ಕೆ 99, ಸುಳ್ಳು ಅನ್ನುವುದಕ್ಕೆ 1.

ಈಗ ಅದೇ ಸುದ್ದಿಯನ್ನು ಆ ಟಿಕೆಟು ಕೈಯಲ್ಲಿ ಹಿಡಿದವನು, ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರುವಾಗ ಹೇಳುತ್ತಾನೆ: “ನನಗೇ ಬಂತು.” ಇವನೂ ನೂರಕ್ಕೊಮ್ಮೆ ಮಾತ್ರ ಸುಳ್ಳು ಹೇಳುವವನು. ಆದರೆ ಹೇಳಿದರೆ ಇದನ್ನೇ ಹೇಳುತ್ತಾನೆ. ಸುಳ್ಳು ಹರಡುವುದಿಲ್ಲ, ಒಂದೇ ಕಡೆ ಗುಡ್ಡೆ ಬೀಳುತ್ತದೆ. ಈಗ ನಿಜಕ್ಕೆ 1, ಸುಳ್ಳಿಗೆ ಸುಮಾರು 10,000. ಘಟನೆ ಅದೇ, ಸಾಕ್ಷಿಯ ಪ್ರಾಮಾಣಿಕತೆಯೂ ಅಷ್ಟೇ, ಫಲ ಮಾತ್ರ ತಲೆಕೆಳಗು. ಪ್ರಬಂಧದಲ್ಲಿ ಕೇಳಬೇಕಾದ್ದು ಈ ಪ್ರಶ್ನೆ: ಪವಾಡದ ವರದಿಗಳು ತಪ್ಪಾದಾಗ ಪತ್ರಿಕೆಯ ಹಾಗೆ ತಪ್ಪುತ್ತವೋ, ಟಿಕೆಟಿನವನ ಹಾಗೋ? ಬೆರಗಿನ ಸುದ್ದಿ ಎಂದರೆ ಮನುಷ್ಯರಿಗೆ ಎಲ್ಲಿಲ್ಲದ ಆಸೆ ಅಂತ ಹ್ಯೂಮ್ ತನ್ನ ಪ್ರಬಂಧದ ಎರಡನೇ ಭಾಗದಲ್ಲಿ ಬರೆದದ್ದು ಬರೀ ಹಂಗಿಸುವ ಮಾತಾಗಿ ಕಾಣುತ್ತದೆ. ಈ ಲೆಕ್ಕದ ಪಕ್ಕ ಇಟ್ಟರೆ ಅದೇ ಅವನ ಗಟ್ಟಿ ಭಾಗ. ಮಕ್ಕಳು ಅದನ್ನು ಓದುವುದೇ ಇಲ್ಲ.

ಇನ್ನು ಸಾವಿರ ಜನದ ಮಾತು. 1837ರಲ್ಲಿ ಚಾರ್ಲ್ಸ್ ಬ್ಯಾಬೇಜ್, ಆ ಗಣಕಯಂತ್ರದ ಬ್ಯಾಬೇಜನೇ, ಹ್ಯೂಮ್ ವಿರುದ್ಧ ಇದನ್ನೇ ಲೆಕ್ಕ ಹಾಕಿ ತೋರಿಸಿದ. ಪವಾಡದ ಸಂಭವ ಲಕ್ಷ ಕೋಟಿಗೆ, ಅಂದರೆ ಒಂದರ ಮುಂದೆ ಹನ್ನೆರಡು ಸೊನ್ನೆಗೆ, ಒಂದು ಅನ್ನಿ. ಘಟನೆ ಸುಳ್ಳಾಗಿದ್ದಾಗ ಹೇಳುವುದಕ್ಕಿಂತ ನಿಜವಾಗಿದ್ದಾಗ ‘ಕಂಡೆ’ ಅಂತ ಹೇಳುವ ಸಂಭವ ಹತ್ತು ಪಟ್ಟು ಹೆಚ್ಚಿರುವ ಸಾಧಾರಣ ಸಾಕ್ಷಿಗಳು ಸಾಕು. ಒಬ್ಬೊಬ್ಬರೂ ಒಂದೊಂದು ಸೊನ್ನೆ ಅಳಿಸುತ್ತಾರೆ. ಹನ್ನೆರಡು ಜನಕ್ಕೆ ತಕ್ಕಡಿ ಸಮ, ಹದಿನೈದಕ್ಕೆ ಸಾವಿರ ಪಟ್ಟು ಪವಾಡದ ಕಡೆ. ಹಾಗಾಗಿ ತಾತ್ವಿಕವಾಗಿ ಪವಾಡವನ್ನು ನಂಬುವುದು ವಿವೇಕವೇ ಆಗಬಹುದು. ನನ್ನ ಮಟ್ಟಿಗೆ ಈ ಬಾಗಿಲನ್ನು ಹ್ಯೂಮ್ ಮುಚ್ಚಿಲ್ಲ. ಆದರೆ ಒಬ್ಬರ ತಪ್ಪು ಇನ್ನೊಬ್ಬರ ತಪ್ಪಿಗೆ ಅಂಟಿರಬಾರದು ಅನ್ನುವ ಒಂದು ಷರತ್ತು ಇದೆ. ಅಂಟಿದರೆ ಸಾವಿರ ಜನವೂ ಒಬ್ಬನೇ.

ಮುಂಬಯಿಯ ಮಾಹಿಮ್‌ನಲ್ಲಿ ಹಾಗೆ ಆದದ್ದನ್ನು ನಾನು ಹತ್ತಿರದಿಂದ ಕಂಡೆ. 2006ರ ಆಗಸ್ಟ್ 18ರ ರಾತ್ರಿ, ಮಾಹಿಮ್ ಖಾಡಿಯ ಉಪ್ಪುನೀರು ಸಿಹಿಯಾಗಿದೆ ಅಂತ ಸುದ್ದಿ ಹಬ್ಬಿತು. ಸಾವಿರಾರು ಜನ ನುಗ್ಗಿದರು, ಬಾಟಲಿ ತುಂಬಿಕೊಂಡರು, ಮಕ್ಕಳಿಗೆ ಕುಡಿಸಿದರು. ಕೊಳಚೆ ನೀರು, ಕುಡಿಯಬೇಡಿ ಅಂತ ಅಧಿಕಾರಿಗಳು ಕೂಗಿಕೊಂಡರೂ ಕೇಳುವವರಿರಲಿಲ್ಲ. ಆಗ ನಾವಿದ್ದದ್ದು ಮಾಟುಂಗಾದ ಚಾಳಿನಲ್ಲಿ. ಎದುರು ಖೋಲಿಯ ಮಾಮ, ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದ ಕುಂದಾಪುರದ ಕಡೆಯವರು, ಬೆಳಗಿನ ಜಾವ ಒಂದು ಬಾಟಲಿ ತಂದು ನಮ್ಮ ಬಾಗಿಲಲ್ಲಿ ಇಟ್ಟರು. ಚಹಾದಷ್ಟೇ ಕಂದು ಬಣ್ಣ, ಅಡಿಯಲ್ಲಿ ಕೆಸರು.

ಮಾಮ ಸುಳ್ಳು ಹೇಳುವ ಜನವಲ್ಲ. ಅವರ ನಾಲಿಗೆಯೂ ಸುಳ್ಳು ಹೇಳಿರಲಿಲ್ಲ. ಮಳೆಗಾಲದಲ್ಲಿ ಮೀಠಿ ನದಿ ಸಮುದ್ರ ಸೇರುವುದು ಅಲ್ಲೇ. ಮಳೆನೀರು ಉಪ್ಪುನೀರಿಗಿಂತ ಹಗುರ, ಮೇಲೆ ತೇಲುತ್ತದೆ. ದಡದಲ್ಲಿ ಬೊಗಸೆಗೆ ಸಿಗುವುದು ಆ ಮೇಲಿನ ನೀರೇ. ಮೊದಲು ಬಾಯಿಗೆ ಹಾಕಿಕೊಂಡವನಿಗೆ ಉಪ್ಪು ಹತ್ತಿರಲಿಕ್ಕಿಲ್ಲ. ಅವನು ‘ಮೀಠಾ ಪಾನಿ’ ಅಂದಿರುತ್ತಾನೆ. ಇಲ್ಲೇ ಇರುವುದು ಗಂಟು. ಹಿಂದಿಯ ಮೀಠಾ, ಮರಾಠಿಯ ಗೋಡ, ನಮ್ಮ ಸಿಹಿನೀರು, ಮೂರಕ್ಕೂ ಎರಡೆರಡು ಅರ್ಥ: ಉಪ್ಪಿಲ್ಲದ್ದು, ಸಕ್ಕರೆಯಂಥದ್ದು. ಬಾವಿಯ ಸಿಹಿನೀರಿಗೆ ಯಾರೂ ಬೆಲ್ಲ ಹಾಕಿರುವುದಿಲ್ಲ. ಸುದ್ದಿ ಮೊದಲನೇ ಅರ್ಥದಲ್ಲಿ ಹೊರಟು ದಾರಿಯಲ್ಲಿ ಎರಡನೆಯದಕ್ಕೆ ಜಾರಿತು. ಆಮೇಲೆ ಬಂದವರೆಲ್ಲ ಆ ಮಾತನ್ನು ಕಿವಿಯಲ್ಲಿಟ್ಟುಕೊಂಡೇ ನೀರಿಗೆ ಬಾಯಿ ಇಟ್ಟವರು. ಅವರನ್ನು ಬ್ಯಾಬೇಜನ ಲೆಕ್ಕಕ್ಕೆ ಸೇರಿಸಿದರೆ ಎಷ್ಟು ಸೊನ್ನೆ ಅಳಿಸಿಯಾರು? ನನ್ನ ಅಂದಾಜಿನಲ್ಲಿ ಒಂದೋ ಎರಡೋ.

ಇಲ್ಲಿ ಸಾಕ್ಷ್ಯವನ್ನೂ ನಿಯಮವನ್ನೂ ತೂಗುವ ಪ್ರಮೇಯವೇ ಬರಲಿಲ್ಲ ನೋಡಿ. ‘ಉಪ್ಪು ಹತ್ತಲಿಲ್ಲ’ ಅನ್ನುವ ಸಾಕ್ಷ್ಯ ನಿಜ, ಯಾವ ನಿಯಮವೂ ಮುರಿಯಲಿಲ್ಲ. ಮುರಿಯಿತು ಅಂದದ್ದು ಊಹೆ. ಆದ್ದರಿಂದ ತಕ್ಕಡಿ ಎತ್ತುವ ಮೊದಲು ಸಾಕ್ಷಿಯ ಮಾತನ್ನು ಬಿಡಿಸಿ: ನಾಲಿಗೆಗೆ ಗೊತ್ತಾದದ್ದು ಎಷ್ಟು, ಪದ ಸೇರಿಸಿದ್ದು ಎಷ್ಟು, ನಂಬಿಕೆ ಕಟ್ಟಿದ್ದು ಎಷ್ಟು. ತೂಕಕ್ಕೆ ಹಾಕಬೇಕಾದ್ದು ಮೊದಲನೆಯದನ್ನು ಮಾತ್ರ.

ಈ ಉಪಾಯವನ್ನು ಎಲ್ಲ ಕಡೆಗೂ ಎಳೆಯಬೇಡಿ. ಹ್ಯೂಮ್ ಒಬ್ಬ ಭಾರತದ ರಾಜಕುಮಾರನ ಕಥೆ ಹೇಳುತ್ತಾನೆ, ನೀರು ಗಟ್ಟಿಯಾಗುತ್ತದೆ ಅಂದರೆ ಅವನು ನಂಬಲಿಲ್ಲ. ಅವನಿಗೆ ತಿಳಿದಿದ್ದು ಸೆಕೆಯ ನೀರಿನ ನಡವಳಿಕೆ ಮಾತ್ರ. ಅವನು ನಂಬದ್ದು ಸರಿ, ಬಲವಾದ ಸಾಕ್ಷ್ಯ ಕೇಳಿದ್ದು ಸರಿ ಅಂತ ಹ್ಯೂಮ್ ಅವನ ಪರ ನಿಲ್ಲುತ್ತಾನೆ. ಆದರೂ ಹಿಮ ಇತ್ತು. ನಾವು ನಿಯಮ ಅನ್ನುವುದು ಎಷ್ಟೋ ಸಲ ನಾವು ಕಂಡ ಹವಾಮಾನ ಮಾತ್ರ. ಅದಕ್ಕೇ ನಿಯಮದ ತಟ್ಟೆಗೆ ಲಕ್ಷ ಕೋಟಿ ಬೇಕಾದರೆ ಹಾಕಿ, ಅನಂತ ಹಾಕಬೇಡಿ. ಅನಂತ ಹಾಕಿದ ಮೇಲೆ ಎಷ್ಟು ಸಾಕ್ಷಿ ಬಂದರೂ ತಟ್ಟೆ ಅಲುಗದು, ಪ್ರಬಂಧ ಮೊದಲನೇ ಪ್ಯಾರಾದಲ್ಲೇ ಮುಗಿದಿರುತ್ತದೆ.

ಆ ಬೆಳಿಗ್ಗೆ ಅಮ್ಮ ಮಾಮನಿಗೆ ಒಂದೇ ಮಾತು ಕೇಳಿದ್ದಳು: “ಸಿಹಿ ಅಂದರೆ ಹೇಗೆ, ಪಾಯಸದ ಹಾಗಾ?” ಅವರು ಸ್ವಲ್ಪ ಯೋಚಿಸಿ ಅಂದರು: “ಇಲ್ಲ ಅಕ್ಕ, ಚಪ್ಪೆ. ನಮ್ಮೂರ ಬಾವಿ ನೀರಿನ ಹಾಗೆ.”