ರಾತ್ರಿ ಕರೆಗಂಟೆ: ತಲೆಯಿಂದ ಒತ್ತುವ ಸ್ವಿಚ್ ಎಲ್ಲಿಗೆ ಬಂತು

ಶಿರಸಿ ಕಡೆಯ ಒಬ್ಬರಿಗಾಗಿ ಈ ಗಂಟೆ ಮಾಡುತ್ತಿದ್ದೇನೆ. ಅಡಿಕೆ ಮರದಿಂದ ಬಿದ್ದು ಅವರ ಬೆನ್ನುಹುರಿಗೆ ಕುತ್ತಿಗೆಯಲ್ಲಿ ಪೆಟ್ಟಾಗಿದೆ, ಸಿ5 ಮಟ್ಟದಲ್ಲಿ. ಮೊಣಕೈ ಮಡಚಲು ಬರುತ್ತದೆ, ಬೆರಳು ಆಡುವುದಿಲ್ಲ. ಕೂಗಿ ಕರೆಯುವಷ್ಟು ಉಸಿರೂ ಇಲ್ಲ. ತಲೆ ಮಾತ್ರ ಚೆನ್ನಾಗಿ ತಿರುಗುತ್ತದೆ.

ಗಂಟೆಗೆ ಅಂಗಡಿಯಲ್ಲಿ ಸಿಗುವ ವೈರ್‌ಲೆಸ್ ಕಾಲಿಂಗ್ ಬೆಲ್ ಸಾಕು. ರಿಮೋಟ್ ಬಿಚ್ಚಿ, ಬಟನ್‌ನ ಎರಡು ಕಾಲಿಗೆ ಎರಡು ವೈರ್ ಬೆಸುಗೆ ಹಾಕಿದೆ. ಬಟನ್ ಮಾಡುವುದು ಆ ಎರಡು ಕಾಲನ್ನು ಸೇರಿಸುವ ಕೆಲಸ ಅಷ್ಟೇ, ಅದನ್ನು ಯಾವ ಸ್ವಿಚ್ ಬೇಕಾದರೂ ಮಾಡಬಹುದು. ನಡೆಯುವುದು ಸಣ್ಣ ಸೆಲ್‌ನಲ್ಲಿ, ಹಾಗಾಗಿ ಶಾಕ್ ಭಯವಿಲ್ಲ. ಸ್ವಿಚ್ ಅಂದರೆ ಎರಡು ಅಲ್ಯೂಮಿನಿಯಂ ಫಾಯಿಲ್ ಹಾಳೆ, ನಡುವೆ ತೂತು ಕೊರೆದ ತೆಳು ಫೋಮ್. ಒತ್ತಿದರೆ ತೂತಿನೊಳಗೆ ಫಾಯಿಲ್ ಮುಟ್ಟುತ್ತದೆ. ಗಟ್ಟಿ ಅಂಚಿಲ್ಲ, ಮುಖಕ್ಕೆ ತಾಗಿದರೂ ನೋಯುವುದಿಲ್ಲ.

ಅದನ್ನು ದಿಂಬಿನ ಬಲಬದಿಗೆ ಇಡುವ ಯೋಚನೆ ಇತ್ತು. ಅವರ ಹೆಂಡತಿ ನೋಡಿದ ಕೂಡಲೇ ಕೇಳಿದರು: "ರಾತ್ರಿ ಎರಡು ತಾಸಿಗೊಮ್ಮೆ ಇವರನ್ನು ಮಗ್ಗುಲು ಬದಲಿಸಿ ಮಲಗಿಸ್ತೇನೆ, ಹುಣ್ಣಾಗಬಾರದು ಅಂತ. ಎಡಕ್ಕೆ ತಿರುಗಿಸಿದಾಗ ಇದು ತಲೆ ಹಿಂದೆ ಹೋಗ್ತದಲ್ಲ?" ಹೌದು, ಹೋಗುತ್ತದೆ. ಅದಕ್ಕೇ ಈಗ ದಿಂಬಿನ ಎರಡೂ ಅಂಚಿಗೆ ಒಂದೊಂದು ಸ್ವಿಚ್ ಇಟ್ಟು, ಎರಡನ್ನೂ ಪ್ಯಾರಲಲ್ ಆಗಿ ಜೋಡಿಸಿದ್ದೇನೆ. ಯಾವುದು ಒತ್ತಿದರೂ ಗಂಟೆ ಬಡಿಯುತ್ತದೆ. ಮಗ್ಗುಲಾದಾಗ ಗದ್ದ ಮುಂದೆ ಮಾಡಿದರೆ ಸಾಕು.

ಫಾಯಿಲ್‌ಗೆ ಒಂದು ತೊಂದರೆ ಇದೆ. ದಿನ ಕಳೆದಂತೆ ಸುಕ್ಕಾಗಿ ಒಳಗೇ ಅಂಟಿಕೊಳ್ಳುತ್ತದೆ. ಆಗ ಯಾರೂ ಒತ್ತದಿದ್ದರೂ ರಿಮೋಟಿನ ಕೆಂಪು ದೀಪ ಉರಿಯುತ್ತಲೇ ಇರುತ್ತದೆ, ಸೆಲ್ ಖಾಲಿಯಾಗುತ್ತದೆ. ಹಾಗಾಗಿ ರಿಮೋಟ್ ಕಣ್ಣಿಗೆ ಕಾಣುವಲ್ಲಿ ಅಂಟಿಸಿದೆ. ಮಲಗುವ ಮುಂಚೆ ಅವರೇ ಒಮ್ಮೆ ಒತ್ತಿ ನೋಡುತ್ತಾರೆ. ಆ ಪರೀಕ್ಷೆ ಪ್ರತಿದಿನ ಬೇಕೇ ಬೇಕು.

ಅವರು ಕೇಳಿದ್ದು ಬೇರೆಯದೇ. "ತಮ್ಮಾ, ನೀರು ಬೇಕಾದರೂ ಅದೇ ಸದ್ದು, ತಲೆ ಸಿಡಿಯುವಾಗಲೂ ಅದೇ ಸದ್ದು. ಇವಳಿಗೆ ಹೇಗೆ ಗೊತ್ತಾಗಬೇಕು?" ಇದು ನಿಜಕ್ಕೂ ದೊಡ್ಡ ಮಾತು. ಇಷ್ಟು ಮೇಲೆ ಪೆಟ್ಟಾದವರಿಗೆ ಮೂತ್ರದ ಪೈಪ್ ಕಟ್ಟಿಕೊಂಡರೂ ಸಾಕು, ರಕ್ತದೊತ್ತಡ ಒಮ್ಮೆಲೇ ಏರಬಹುದು. ಜೋರು ತಲೆನೋವು, ಮುಖದಲ್ಲಿ ಬೆವರು ಅದರ ಗುರುತು. ಕೂಡಲೇ ಎಬ್ಬಿಸಿ ಕೂರಿಸಬೇಕು, ಪೈಪ್ ನೋಡಬೇಕು, ಇಳಿಯದಿದ್ದರೆ ಆಸ್ಪತ್ರೆಗೆ ಓಡಬೇಕು. ಒಂದು ಸಲ ಒತ್ತಿದರೆ ಸಾಮಾನ್ಯ ಕೆಲಸ, ಮೂರು ಸಲ ಒತ್ತಿದರೆ ತುರ್ತು ಎಂದು ಇಬ್ಬರೂ ಮಾತಾಡಿಕೊಂಡರು. ಆದರೆ ಬೆಲ್‌ನ ಉದ್ದ ರಾಗ ಮುಗಿಯುವವರೆಗೆ ಮುಂದಿನ ಒತ್ತು ಕೇಳಿಸುತ್ತಲೇ ಇರಲಿಲ್ಲ. ರಾಗ ಬದಲಿಸುವ ಬಟನ್‌ನಿಂದ ಇದ್ದುದರಲ್ಲಿ ತೀರಾ ಚಿಕ್ಕ 'ಟಿಂಗ್' ಆರಿಸಿದ ಮೇಲೆ ಮೂರೂ ಬೇರೆಬೇರೆಯಾಗಿ ಕೇಳುತ್ತಿವೆ.

ಕರೆಂಟ್ ಹೋದರೂ ಬಡಿಯಬೇಕಲ್ವಾ? ಗೋಡೆಯ ಪ್ಲಗ್ಗಿಗೆ ಹಾಕುವ ರಿಸೀವರ್ ಬಿಟ್ಟು ಸೆಲ್ ಹಾಕುವಂಥದ್ದನ್ನು ತಂದೆ. ಈಗ ಅವರ ಹೆಂಡತಿಗೆ ಬೆಳಗಿನ ಜಾವ ಹಾಲು ಕರೆಯುವಾಗಲೂ ಅದು ಕೇಳಬೇಕು. ಅದೇ ರಿಮೋಟಿಗೆ ಇನ್ನೊಂದು ರಿಸೀವರ್ ಜೋಡಿಸಬಹುದು. ನಡುವಿನ ದಪ್ಪ ಮಣ್ಣಿನ ಗೋಡೆ ದಾಟಿ ಸಿಗ್ನಲ್ ಕೊಟ್ಟಿಗೆಗೆ ಮುಟ್ಟುತ್ತದೆಯೇ ಎಂದು ಮುಂದಿನ ಸಲ ಹೋದಾಗ ನೋಡಬೇಕು.