ಗಿಲ್ಡರ್ ಗಟ್ಟಿಯಾಯಿತು, ಗಿರಣಿ ಸೊರಗಿತು

“ಡಚ್ ಡಿಸೀಸ್ ಅಂತೀರಲ್ಲ, ನೆಲದಡಿ ನಿಧಿ ಸಿಕ್ಕ ದೇಶ ಹಾಳಾಗೋದು ಹೇಗ್ರೀ? ಯಾರೋ ದುಡ್ಡು ತಿಂದಿರಬೇಕು, ಅಷ್ಟೇ ಅಲ್ವಾ?”

ಯಾರೂ ತಿನ್ನಬೇಕಾಗಿಲ್ಲ. ಲಂಚದ ಒಂದು ಕಾಸೂ ಕೈ ಬದಲಾಗದೆ, ಲೆಕ್ಕಪತ್ರಗಳೆಲ್ಲ ಅಚ್ಚುಕಟ್ಟಾಗಿದ್ದರೂ ಇದು ತಗಲಬಹುದು. ಒಮ್ಮೆ ಉಪನ್ಯಾಸ ಮುಗಿಸಿ ವೇದಿಕೆಯಿಂದ ಇಳಿಯುತ್ತಿದ್ದಾಗ ಹಿರಿಯರೊಬ್ಬರು ಅಡ್ಡ ನಿಂತು, “ಡಚ್ಚರು ಸೋಮಾರಿಗಳಾದರು ಅಂತ ನೇರವಾಗಿ ಹೇಳಿಬಿಡಿ, ಇಷ್ಟು ಸುತ್ತುಬಳಸು ಯಾಕೆ?” ಎಂದರು. ಒಂದು ಗಂಟೆ ಕಾಲ ನಾನು ಆಡಿದ ಮಾತಿನಲ್ಲಿ ಸೋಮಾರಿತನದ ಸುದ್ದಿಯೇ ಇರಲಿಲ್ಲ. ಅಂದಿನ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನು ತೋರಿಸಿ ಸುಮ್ಮನಾಗುವುದೆಂದು ನಿಶ್ಚಯಿಸಿದ್ದೇನೆ.

1959ರಲ್ಲಿ ಡಚ್ಚರ ನಾಡಾದ ನೆದರ್ಲೆಂಡ್ಸ್‌ನ ಉತ್ತರದ ಗ್ರೋನಿಂಗೆನ್ ಪ್ರಾಂತ್ಯದಲ್ಲಿ ಭಾರಿ ನೈಸರ್ಗಿಕ ಅನಿಲ ನಿಕ್ಷೇಪ ಪತ್ತೆಯಾಯಿತು. ಅನಿಲವನ್ನು ಕೊಂಡ ನೆರೆಯ ದೇಶಗಳ ಹಣ ಕೊನೆಗೆ ಅಲ್ಲಿನ ನಾಣ್ಯವಾದ ಗಿಲ್ಡರ್ ಆಗಿ ಬದಲಾಗಬೇಕಿತ್ತು. ಹಾಗಾಗಿ ಗಿಲ್ಡರಿಗೆ ಬೇಡಿಕೆ ಹೆಚ್ಚಿತು. ಮುಂದೇನಾಗುತ್ತದೆ ಎಂಬುದನ್ನು ನಾನೇ ಕಲ್ಪಿಸಿಕೊಂಡ ಒಂದು ಬಟ್ಟೆ ಗಿರಣಿಯ ಲೆಕ್ಕದಲ್ಲಿ ನೋಡೋಣ. ಅದು ಒಂದು ಕಟ್ಟು ಬಟ್ಟೆಯನ್ನು ಹೊರದೇಶದಲ್ಲಿ 100 ಡಾಲರಿಗೆ ಮಾರುತ್ತದೆ, ಅದಕ್ಕೆ ಬೇಕಾದ ಹತ್ತಿಯನ್ನು 40 ಡಾಲರಿಗೆ ತರಿಸಿಕೊಳ್ಳುತ್ತದೆ, ಕೂಲಿ ಮತ್ತಿತರ ಸ್ಥಳೀಯ ಖರ್ಚಿಗೆ 220 ಗಿಲ್ಡರ್ ತೆರುತ್ತದೆ. ಡಾಲರಿಗೆ 4 ಗಿಲ್ಡರ್ ಇದ್ದಾಗ ಬಂದದ್ದು 400, ಹೋದದ್ದು 380; 20 ಗಿಲ್ಡರ್ ಉಳಿಯಿತು. ಗಿಲ್ಡರ್ ಬಲಗೊಂಡು ಡಾಲರಿಗೆ ಮೂರೂವರೆ ಆಯಿತೆನ್ನಿ. ಹತ್ತಿ ಅಗ್ಗವಾಗಿ ಖರ್ಚು 360ಕ್ಕೆ ಇಳಿಯುತ್ತದೆ ನಿಜ, ಆದರೆ ಬರುವುದು 350 ಮಾತ್ರ. ಮಗ್ಗ ಅದೇ, ನೇಯುವವರು ಅವರೇ, ಬಟ್ಟೆಯೂ ಅದೇ. 10 ಗಿಲ್ಡರ್ ನಷ್ಟ. ಬೆಲೆ ಏರಿಸೋಣವೆಂದರೆ ಕೊಳ್ಳುವವನು ಬೇರೆ ದೇಶದ ಬಟ್ಟೆಗೆ ಹೋಗುತ್ತಾನೆ. ಇದರಲ್ಲಿ ಸೋಮಾರಿ ಯಾರು, ಸ್ವಾಮಿ?

ಪೆಟ್ಟು ಅಲ್ಲಿಗೇ ನಿಲ್ಲುವುದಿಲ್ಲ. ಅನಿಲದ ಆದಾಯವನ್ನು ಸರಕಾರ ಒಳನಾಡಿನಲ್ಲೇ ಖರ್ಚು ಮಾಡಿದಾಗ ಕಟ್ಟಡ ಕೆಲಸ, ಸಾರಿಗೆ, ಹೋಟೆಲು, ಕ್ಷೌರದಂಥ ಸೇವೆಗಳಿಗೆ ಬೇಡಿಕೆ ಏರುತ್ತದೆ. ಕ್ಷೌರಿಕನಿಗೆ ಪರದೇಶದ ಪೈಪೋಟಿಯಿಲ್ಲ. ಅವನು ದರ ಹೆಚ್ಚಿಸಬಲ್ಲ, ಸಹಾಯಕನಿಗೆ ಹೆಚ್ಚು ಸಂಬಳವನ್ನೂ ಕೊಡಬಲ್ಲ. ಆ ಸಂಬಳಕ್ಕೆ ಸರಿಗಟ್ಟಲು ಹೋಗಿ ಗಿರಣಿಯ ಸ್ಥಳೀಯ ಖರ್ಚು ಶೇಕಡಾ 10ರಷ್ಟು ಏರಿದರೆ 220 ಇದ್ದದ್ದು 242 ಆಗಿ, ನಷ್ಟ 32ಕ್ಕೆ ಮುಟ್ಟುತ್ತದೆ. 1982ರಲ್ಲಿ ಅರ್ಥಶಾಸ್ತ್ರಜ್ಞರಾದ ಮ್ಯಾಕ್ಸ್ ಕಾರ್ಡನ್ ಮತ್ತು ಪೀಟರ್ ನೀರಿ ಇದನ್ನು ‘ಖರ್ಚಿನ ಪರಿಣಾಮ’ ಎಂದು ಬೇರ್ಪಡಿಸಿ ತೋರಿಸಿದರು. ಹೊಸ ಗಣಿಯೇ ನೇರವಾಗಿ ಕಾರ್ಮಿಕರನ್ನು ಸೆಳೆದುಕೊಳ್ಳುವುದು ಇನ್ನೊಂದು ದಾರಿ. ಆದರೆ ಅನಿಲದ ಬಾವಿಗೆ ಬೇಕಾಗುವ ಆಳುಗಳು ಕಡಿಮೆಯಾದ್ದರಿಂದ ಇಂಥಲ್ಲಿ ಖರ್ಚಿನ ದಾರಿಯದೇ ಕಾರುಬಾರು.

ಕೇಳಬೇಕಾದ ಪ್ರಶ್ನೆಯೊಂದಿದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ: ಗಿರಣಿ ಮುಚ್ಚಿದ್ದು ಈ ರೋಗದಿಂದಲೇ ಎಂದು ಹೇಗೆ ಹೇಳುತ್ತೀರಿ? ಬ್ರಿಟನ್ನಿನ ‘ದಿ ಇಕನಾಮಿಸ್ಟ್’ ವಾರಪತ್ರಿಕೆ 1977ರಲ್ಲಿ ಇದಕ್ಕೆ ಡಚ್ ಡಿಸೀಸ್ ಎಂದು ಹೆಸರಿಟ್ಟ ಹೊತ್ತಿಗೆ, ಅನಿಲವಿಲ್ಲದ ಪಶ್ಚಿಮ ಯುರೋಪಿನ ದೇಶಗಳಲ್ಲೂ ಬಟ್ಟೆ ಗಿರಣಿಗಳು ಮತ್ತು ಹಡಗುಕಟ್ಟೆಗಳು ನೆಲಕಚ್ಚುತ್ತಿದ್ದವು. ಆದ್ದರಿಂದ ಮುಚ್ಚಿದ ಬಾಗಿಲುಗಳನ್ನು ಎಣಿಸಿದರೆ ಸಾಲದು. ಡಾಲರಿನ ದರವೊಂದನ್ನೇ ನೋಡಿದರೂ ಮೋಸಹೋಗುತ್ತೀರಿ, ಏಕೆಂದರೆ ಡಾಲರೇ ಎಲ್ಲೆಡೆ ಕುಸಿಯುತ್ತಿರಬಹುದು. ನೋಡಬೇಕಾದದ್ದು ಕ್ಷೌರದಂಥ, ಗಡಿ ದಾಟದ ಸೇವೆಗಳ ಬೆಲೆ ಬಟ್ಟೆಯಂಥ, ಗಡಿ ದಾಟುವ ಸರಕಿನ ಬೆಲೆಗಿಂತ ವೇಗವಾಗಿ ಏರುತ್ತಿದೆಯೇ ಎಂಬುದನ್ನು, ಮತ್ತು ಅನಿಲವಿಲ್ಲದ ನೆರೆಯ ದೇಶಕ್ಕಿಂತ ಆ ಏರಿಕೆ ಹೆಚ್ಚೇ ಎಂಬುದನ್ನು. ನಾಣ್ಯದ ವಿನಿಮಯ ದರವನ್ನು ಕಟ್ಟಿಹಾಕಿದ ದೇಶದಲ್ಲೂ ಈ ಗುರುತು ಕಾಣಿಸಿಕೊಳ್ಳುತ್ತದೆ. ಅಲ್ಲಿ ದರ ಕದಲದೆ, ಕೂಲಿ ಮತ್ತು ಬೆಲೆಗಳು ಏರಿ ಅದೇ ಕೆಲಸವನ್ನು ಮಾಡಿ ಮುಗಿಸುತ್ತವೆ.

ಮದ್ದಿಲ್ಲವೇ ಎನ್ನುವವರು ನಾರ್ವೆಯನ್ನು ನೋಡಬಹುದು. ಅದು ತೈಲದ ಹಣಕ್ಕಾಗಿ 1990ರಲ್ಲಿ ಕಾನೂನು ಮಾಡಿ ನಿಧಿಯೊಂದನ್ನು ಸ್ಥಾಪಿಸಿತು. 1996ರಲ್ಲಿ ಅದಕ್ಕೆ ಮೊದಲ ಹಣ ಬಿತ್ತು. ನಿಧಿಯನ್ನು ಹೊರದೇಶಗಳಲ್ಲಷ್ಟೇ ತೊಡಗಿಸುವುದರಿಂದ ಅಷ್ಟು ಹಣ ನಾರ್ವೆಯ ನಾಣ್ಯವಾದ ಕ್ರೋನ್ ಆಗಿ ಬದಲಾಗುವ ಪ್ರಸಂಗವೇ ಬರುವುದಿಲ್ಲ. ನಿಧಿಯಿಂದ ವರ್ಷಕ್ಕೆ ಸರಾಸರಿ ಶೇಕಡಾ 4ರಷ್ಟನ್ನು ಬಳಸಬಹುದೆಂದು 2001ರಲ್ಲಿ ಮಾಡಿಕೊಂಡ ನಿಯಮವನ್ನು 2017ರಲ್ಲಿ ಶೇಕಡಾ 3ಕ್ಕೆ ಇಳಿಸಲಾಯಿತು. ಹಾಗಿದ್ದೂ ಈ ಮದ್ದು ಖರ್ಚಿನ ದಾರಿಯನ್ನಷ್ಟೇ ತಡೆಯುತ್ತದೆ. ಸಮುದ್ರದಲ್ಲಿ ತೈಲ ಎತ್ತುವ ಅಟ್ಟಣೆ ಕಟ್ಟುವ ಕಂಪನಿ ದುಪ್ಪಟ್ಟು ಸಂಬಳದ ಆಸೆ ತೋರಿಸಿದರೆ, ಬೇರೆ ಕಾರ್ಖಾನೆಯ ಎಂಜಿನಿಯರ್ ರಾಜೀನಾಮೆ ಬರೆಯುವುದನ್ನು ಯಾವ ನಿಧಿಯೂ ತಪ್ಪಿಸಲಾರದು.