ಓಟದ ಹಿಂದಿನ ಎರಡು ದಿನ ಮುದ್ದೆಯ ಬದಲು ಅನ್ನ

ದಾವಣಗೆರೆಯಲ್ಲಿ ಆಹಾರತಜ್ಞೆಯಾಗಿರುವ ನಾನು ಮ್ಯಾರಥಾನ್ ಓಡುವವರಿಗೆ ಮೊದಲು ಕೇಳುವುದು ಓಟದ ಹಿಂದಿನ ಎರಡು ದಿನಗಳ ಊಟದ ವಿವರವನ್ನು. ಚಿತ್ರದುರ್ಗದ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು, “ಹೊಟ್ಟೆ ಬಿರಿಯುವಷ್ಟು ಉಂಡಿದ್ದೆ ಮೇಡಂ, ಆದರೂ 30 ಕಿಲೋಮೀಟರ್ ದಾಟಿದ ಮೇಲೆ ಕಾಲು ಏಳಲಿಲ್ಲ” ಎಂದರು. ಅವರು ಉಂಡದ್ದು ಬೆಳಿಗ್ಗೆ ಬೆಣ್ಣೆ ದೋಸೆ, ಮಧ್ಯಾಹ್ನ ಮುದ್ದೆ ಮತ್ತು ಸೊಪ್ಪಿನ ಸಾರು, ರಾತ್ರಿ ರೊಟ್ಟಿ, ಪಲ್ಯ.

ಸ್ನಾಯುಗಳು ಶರ್ಕರಪಿಷ್ಟವನ್ನು ಓಟಕ್ಕೆ ಬೇಕಾದ ಇಂಧನವಾಗಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಆ ಸಂಗ್ರಹ ತುಂಬಲು ಓಟದ ಹಿಂದಿನ 36ರಿಂದ 48 ಗಂಟೆಗಳಲ್ಲಿ ದೇಹತೂಕದ ಪ್ರತಿ ಕೆಜಿಗೆ ದಿನಕ್ಕೆ ಸುಮಾರು 10 ಗ್ರಾಂ ಶರ್ಕರಪಿಷ್ಟ ಬೇಕು. 60 ಕೆಜಿ ತೂಕದ ಆ ಶಿಕ್ಷಕರಿಗೆ ಅದು 600 ಗ್ರಾಂ. ಅವರ ಊಟದಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಇತ್ತು. ಬೆಣ್ಣೆಯ ಜಿಡ್ಡು ಮತ್ತು ರಾಗಿಯ ನಾರು ಬೇಗನೆ ಹೊಟ್ಟೆ ತುಂಬಿಸಿದ್ದರಿಂದ ಶರ್ಕರಪಿಷ್ಟಕ್ಕೆ ಜಾಗ ಉಳಿದಿರಲಿಲ್ಲ. ವರ್ಷವಿಡೀ ಒಳ್ಳೆಯದಾದ ರಾಗಿಯನ್ನು ಈ ಎರಡು ದಿನ ಮಾತ್ರ ಬದಿಗಿಡಬೇಕು.

ನಾನು ಬರೆದುಕೊಟ್ಟ ದಿನದ ಊಟ ಹೀಗಿತ್ತು: 350 ಗ್ರಾಂ ಅಕ್ಕಿಯ ಅನ್ನವನ್ನು ತಿಳಿಸಾರು ಮತ್ತು ಮೊಸರಿನೊಂದಿಗೆ ಮೂರು ಹೊತ್ತಿಗೆ ಹಂಚಿಕೊಳ್ಳುವುದು, ಬೆಳಿಗ್ಗೆ 100 ಗ್ರಾಂ ಅವಲಕ್ಕಿ, ಸಂಜೆ ಒಂದು ದೊಡ್ಡ ತಟ್ಟೆ ಮಂಡಕ್ಕಿ, ನಾಲ್ಕು ಬಾಳೆಹಣ್ಣು, ಜೊತೆಗೆ ದಿನವಿಡೀ ಪಾನಕಗಳಲ್ಲಿ 100 ಗ್ರಾಂ ಸಕ್ಕರೆ. ಮಂಡಕ್ಕಿಗೆ ಮೆಣಸಿನಕಾಯಿ ಬಜ್ಜಿ ಬೇಡವೆಂದಾಗ, ನಮ್ಮೂರಿನವರೆಲ್ಲರಂತೆ ಅವರೂ ಸ್ವಲ್ಪ ಬೇಸರಪಟ್ಟರು. ತೂಕ ಒಂದೆರಡು ಕೆಜಿ ಏರಿದರೆ ಗಾಬರಿ ಬೇಡ. ಗ್ಲೈಕೋಜನ್ ತನ್ನೊಂದಿಗೆ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒಂದೂವರೆ ಗಂಟೆಯೊಳಗೆ ಮುಗಿಯುವ ಓಟಕ್ಕೆ ಇದರ ಅಗತ್ಯವಿಲ್ಲ, ಮಧುಮೇಹಿಗಳು ವೈದ್ಯರನ್ನು ಕೇಳದೆ ಇದನ್ನು ಮಾಡಲೇಬಾರದು.

ತುಂಬಿದ ಸಂಗ್ರಹವೂ 42 ಕಿಲೋಮೀಟರ್ ಪೂರ್ತಿ ಸಾಲದು. ಆದ್ದರಿಂದ ಓಟ ಆರಂಭವಾಗಿ ಅರ್ಧ ಗಂಟೆಯ ನಂತರ, ಗಂಟೆಗೆ 30ರಿಂದ 60 ಗ್ರಾಂನಷ್ಟು ಶರ್ಕರಪಿಷ್ಟ ಹೊಟ್ಟೆಗೆ ಹೋಗುತ್ತಿರಬೇಕು. ಅರ್ಧ ಲೀಟರ್ ನೀರಿಗೆ 30 ಗ್ರಾಂ ಸಕ್ಕರೆ ಮತ್ತು ಚಿಟಿಕೆ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಯುವುದನ್ನೂ ನಡುವೆ ಬಾಳೆಹಣ್ಣು ತಿನ್ನುವುದನ್ನೂ ಭಾನುವಾರದ ದೂರದ ಓಟಗಳಲ್ಲೇ ರೂಢಿಸಿಕೊಳ್ಳಬೇಕು. ಹೊಟ್ಟೆ ಉಬ್ಬರಿಸಿ, ಕುಡಿದದ್ದು ಒಳಗೆ ಕುಲುಕಾಡಿದರೆ, ಪಾನಕ ಹೆಚ್ಚು ಗಟ್ಟಿಯಾಗಿದೆ ಅಥವಾ ಒಂದೇ ಸಲಕ್ಕೆ ಹೆಚ್ಚು ಕುಡಿದಿದ್ದಾರೆ ಎಂದು ತಿಳಿಯಬಹುದು.

ಓಟ ಮುಗಿದ ಮೇಲೆ ಒಂದು ತಟ್ಟೆ ಚಿತ್ರಾನ್ನ, ಎರಡು ಬೇಯಿಸಿದ ಮೊಟ್ಟೆ ಮತ್ತು ಒಂದು ದೊಡ್ಡ ಲೋಟ ಹಾಲು ಅವರಿಗೆ ಬೇಕಾದ ಶರ್ಕರಪಿಷ್ಟವನ್ನೂ ಸುಮಾರು 20 ಗ್ರಾಂ ಪ್ರೋಟೀನನ್ನೂ ಕೊಡುತ್ತವೆ. ಮರುದಿನ ಮತ್ತೆ ಓಡುವವರು ಇದನ್ನು ಒಂದು ಗಂಟೆಯೊಳಗೆ ತಿನ್ನುವುದು ಒಳ್ಳೆಯದು. ವಿಶ್ರಾಂತಿಯಿರುವವರು ಮನೆಗೆ ಹೋಗಿ ನಿಧಾನವಾಗಿ ಉಂಡರೂ ಸಾಕು.